ವಾರ್ಷಿಕ ಗ್ರಾಮಸಭೆಯ ಪ್ರಾರಂಭ: ಅಧ್ಯಕ್ಷರ ಸ್ವಾಗತ ನುಡಿ, ಕೋರಂ ಘೋಷಣೆ ಮತ್ತು ಕಾರ್ಯಸೂಚಿ

(ತೆಲಿಗಿ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿದ ಭಾಷಣದ ಪಠ್ಯ)



ಸಹಕಾರ ಸಂಘಕ್ಕೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇರುವಂತೆ, ಗ್ರಾಮ ಪಂಚಾಯಿತಿಗೂ ಒಂದು ಸರ್ವಸದಸ್ಯರ ಸಭೆ ಇದೆ. ಅದೇ ಗ್ರಾಮಸಭೆ. ಸಂಘದಲ್ಲಿ ಷೇರು ಹಣ ಕಟ್ಟಿದವರು ಸದಸ್ಯರು. ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರು. ಸಂವಿಧಾನದ 73ನೇ ತಿದ್ದುಪಡಿ ಈ ಸಭೆಗೆ ಸ್ಥಾನ ಕೊಟ್ಟಿತು. 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಅದರ ಅಧಿಕಾರಗಳನ್ನು ವಿವರಿಸಿತು. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಬಾರದು ಎಂಬುದು ನಿಯಮ. ಅವುಗಳಲ್ಲಿ ಹಿಂದಿನ ವರ್ಷದ ಲೆಕ್ಕ ಒಪ್ಪಿಸಿ ಮುಂದಿನ ವರ್ಷದ ಕ್ರಿಯಾ ಯೋಜನೆಯನ್ನು ಮುಂದಿಡುವ ಸಭೆಯೇ ಊರಿನ ವಾರ್ಷಿಕ ಸಭೆ.

ಈ ಸಭೆಯ ಅಧ್ಯಕ್ಷತೆಯನ್ನು ಪಂಚಾಯಿತಿ ಅಧ್ಯಕ್ಷರು ವಹಿಸುತ್ತಾರೆ. ಅವರಿಲ್ಲದಿದ್ದರೆ ಉಪಾಧ್ಯಕ್ಷರು ವಹಿಸುತ್ತಾರೆ. ಅಧ್ಯಕ್ಷರು ಎದ್ದು ನಿಂತು ಆಡುವ ಮೊದಲ ಹತ್ತು ಹದಿನೈದು ನಿಮಿಷಗಳ ಮಾತನ್ನು ಬಹುಮಂದಿ ಒಂದು ಮರ್ಯಾದೆಯ ಕಾರ್ಯಕ್ರಮವೆಂದು ಭಾವಿಸಿದ್ದಾರೆ. ವಾಸ್ತವದಲ್ಲಿ ಆ ಮಾತು ಮೂರು ಕೆಲಸಗಳನ್ನು ಮಾಡಬೇಕು. ಸಭೆಗೆ ಬಂದವರು ಯಾವ ಅಧಿಕಾರದಿಂದ ಕುಳಿತಿದ್ದಾರೆಂದು ತಿಳಿಸಬೇಕು. ಸಭೆ ನಡೆಸುವಷ್ಟು ಜನ ಇದ್ದಾರೆಂದು ಎಣಿಸಿ ಹೇಳಬೇಕು. ಯಾವ ವಿಷಯ ಯಾವಾಗ ಬರುತ್ತದೆಂದು ಗೊತ್ತುಪಡಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸಂಜೆ ಬರೆಯುವ ನಡವಳಿಗೆ ಬೆನ್ನೆಲುಬು ಇರುವುದಿಲ್ಲ. ಮನೆ ಮಂಜೂರಾದವನ ಹೆಸರಿಗೆ ತಕರಾರು ಬಂದಾಗ ಅಧಿಕಾರಿಗಳು ಮೊದಲು ಕೇಳುವುದು ಆ ನಡವಳಿಯನ್ನೇ.

ಸಭೆಯ ದಿನ

ಅಧ್ಯಕ್ಷರ ಮಾತು ಗಟ್ಟಿಯಾಗಿ ನಿಲ್ಲುವುದು ಸಭೆಯ ದಿನವನ್ನು ಸರಿಯಾಗಿ ಆರಿಸಿದಾಗ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಸೀಮೆಗಳಲ್ಲಿ ಮಳೆ ನಂಬಿದ ಬೇಸಾಯವೇ ಹೆಚ್ಚು. ಬೆಳೆ ಕೈಗೆ ಬಂದ ಮೇಲೆ, ಇಲ್ಲವೇ ಕೈಕೊಟ್ಟ ಮೇಲೆ, ತಾಂಡಾಗಳ ಮತ್ತು ಕೇರಿಗಳ ಅನೇಕ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬಿನ ಸೀಮೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮನೆಗೆ ಬೀಗ, ಅಂಗಳದಲ್ಲಿ ಮುದುಕರು ಮತ್ತು ಶಾಲೆಯ ಮಕ್ಕಳು. ಅಂಥ ತಿಂಗಳಲ್ಲಿ ವಸತಿ ಫಲಾನುಭವಿಗಳ ಆಯ್ಕೆಯ ಸಭೆ ಕರೆದರೆ, ಯಾರಿಗೆ ಮನೆ ಅಗತ್ಯವೋ ಅವರೇ ಸಭೆಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಅವರಿಗೆ ತಿಳಿಯುವುದು ಊರಿಗೆ ಮರಳಿದ ಮೇಲೆ.

ಆದಕಾರಣ ದಿನಾಂಕ ಗೊತ್ತುಪಡಿಸುವ ಸಾಮಾನ್ಯ ಸಭೆಯಲ್ಲಿಯೇ ಸದಸ್ಯರು ಊರಿನ ಪಂಚಾಂಗವನ್ನು ಎದುರಿಗೆ ಇಟ್ಟುಕೊಳ್ಳಬೇಕು. ಲಂಬಾಣಿ ತಾಂಡಾಗಳಿಗೆ ದೀಪಾವಳಿ ದೊಡ್ಡ ಹಬ್ಬ. ದೂರ ಹೋದವರೂ ಆಗ ಊರಿಗೆ ಬರುತ್ತಾರೆ. ಹಬ್ಬ ಮುಗಿದ ಎರಡು ಮೂರು ದಿನಗಳೊಳಗೆ ಸಭೆ ಇಟ್ಟರೆ ತಾಂಡಾದ ಹಾಜರಾತಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಭರತ ಹುಣ್ಣಿಮೆಯ ಸುಮಾರಿನಲ್ಲಿ ಉಚ್ಚಂಗಿದುರ್ಗದ ಜಾತ್ರೆ ಮತ್ತು ಮೈಲಾರದ ಕಾರಣಿಕ, ಅದರ ಆಸುಪಾಸಿನಲ್ಲಿ ಕೊಟ್ಟೂರಿನ ತೇರು. ಆ ದಿನಗಳಲ್ಲಿ ಜನ ಎತ್ತಿನ ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು, ನಡೆದುಕೊಂಡು ಊರು ಬಿಟ್ಟಿರುತ್ತಾರೆ. ವಾರದ ಸಂತೆಯ ದಿನವೂ ಸಭೆಗೆ ತಕ್ಕುದಲ್ಲ. ಸಭೆಯ ದಿನವನ್ನು ಡಂಗುರ ಹೊಡೆಸಿ ಸಾರುವಾಗ ಮುಖ್ಯ ಊರಿನ ಕಟ್ಟೆಯಲ್ಲಿ ಸಾರಿದರೆ ಸಾಲದು. ತಾಂಡಾದಲ್ಲಿಯೂ ಕೇರಿಯಲ್ಲಿಯೂ ಸಾರಿಸಬೇಕು, ಅದೂ ಕೂಲಿಯಿಂದ ಮರಳಿದ ಮೇಲೆ, ಸಂಜೆಯ ಹೊತ್ತಿನಲ್ಲಿ.

ವಾರ್ಡ್ ಸಭೆಗಳು ಗ್ರಾಮಸಭೆಗಿಂತ ಮೊದಲು ಮುಗಿದಿರಬೇಕು. ವಾರ್ಡಿನ ಸದಸ್ಯರ ಅಧ್ಯಕ್ಷತೆಯಲ್ಲಿ ನಡೆಯುವ ಆ ಚಿಕ್ಕ ಸಭೆಗಳಿಂದ ಬಂದ ಬೇಡಿಕೆಗಳು ಬರಹದಲ್ಲಿ ಕೈಯಲ್ಲಿದ್ದರೆ ಮಾತ್ರ ಗ್ರಾಮಸಭೆಯ ಕಾರ್ಯಸೂಚಿಗೆ ಆಧಾರ ದೊರೆಯುತ್ತದೆ.

ಸ್ವಾಗತ

ನಾಡಗೀತೆ ಹಾಗೂ ಸಂವಿಧಾನ ಪೀಠಿಕೆಯ ವಾಚನದ ನಂತರ ಅಧ್ಯಕ್ಷರ ಸ್ವಾಗತ ನುಡಿ ಬರುತ್ತದೆ. ಇಲ್ಲಿ ಹೆಚ್ಚು ಹೊತ್ತು ಕಳೆಯುವುದು ಹಾರ ತುರಾಯಿಗಳಲ್ಲಿ. ವೇದಿಕೆಯಲ್ಲಿ ಹನ್ನೆರಡು ಕುರ್ಚಿಗಳಿದ್ದರೆ ಹನ್ನೆರಡು ಹಾರ, ಹನ್ನೆರಡು ಶಾಲು, ಹನ್ನೆರಡು ಬಾರಿ ಚಪ್ಪಾಳೆ. ಒಂದು ಗಂಟೆ ಅದರಲ್ಲಿಯೇ ಹೋಗುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಎಮ್ಮೆ ಬಿಟ್ಟು ಬಂದ ಹೆಣ್ಣುಮಗಳು ಎದ್ದು ಹೊರಡುತ್ತಾಳೆ. ಆಕೆ ಹೊರಟಳೆಂದರೆ ಸಭೆಯ ಲೆಕ್ಕದಿಂದ ಒಬ್ಬ ಸದಸ್ಯೆ ಕಡಿಮೆಯಾದಳೆಂದೇ ಅರ್ಥ. ಆದ್ದರಿಂದ ಸ್ವಾಗತ ಐದು ನಿಮಿಷ ಮೀರದಿರುವುದು ಸೌಜನ್ಯದ ಕೊರತೆಯಲ್ಲ. ಅದು ಕೋರಂ ಉಳಿಸಿಕೊಳ್ಳುವ ಮೊದಲ ಉಪಾಯ.

ಸ್ವಾಗತದ ಸಾಲುಗಳಲ್ಲಿ ಕ್ರಮವೂ ಮುಖ್ಯ. ವೇದಿಕೆಯ ಮೇಲಿನ ಅಧಿಕಾರಿಗಳು ಸಭೆಗೆ ನೆರವಾಗಲು ಬಂದವರು. ನೆಲದ ಮೇಲೆ, ಜಮಖಾನೆಯ ಮೇಲೆ ಕುಳಿತವರು ಸಭೆಯ ಸದಸ್ಯರು. ಸ್ವಾಗತ ಸದಸ್ಯರಿಂದ ಮೊದಲಾಗಬೇಕು. ಅಧ್ಯಕ್ಷರು ಹೀಗೆ ಆರಂಭಿಸಬಹುದು:

“ಊರಿನ ಹಿರಿಯರೇ, ತಾಯಂದಿರೇ, ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈ ಪಂಚಾಯಿತಿ ವ್ಯಾಪ್ತಿಯ ಎಲ್ಲ ಊರು, ಕೇರಿ, ತಾಂಡಾಗಳಿಂದ ಬಂದ ಗ್ರಾಮಸಭೆಯ ಸದಸ್ಯರಾದ ತಮಗೆಲ್ಲರಿಗೂ ಸ್ವಾಗತ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಇಲ್ಲಿ ಕೇಳುವ, ಹೇಳುವ, ಕೈ ಎತ್ತುವ ಅಧಿಕಾರವಿದೆ. ಸಭೆಗೆ ನೆರವಾಗಲು ಬಂದಿರುವ ನೋಡಲ್ ಅಧಿಕಾರಿಗಳಿಗೆ, ಇಲಾಖೆಗಳ ಅಧಿಕಾರಿಗಳಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಮತ್ತು ಸಿಬ್ಬಂದಿಗೆ ಸ್ವಾಗತ.”

ಈ ಮಾತಿನಲ್ಲಿ ಒಂದು ಉದ್ದೇಶ ಅಡಗಿದೆ. ಬಂದವರು ಸಭಿಕರಲ್ಲ, ಸದಸ್ಯರು ಎಂಬುದು ಮೊದಲ ವಾಕ್ಯದಲ್ಲಿಯೇ ಎಲ್ಲರ ಕಿವಿಗೆ ಬೀಳುತ್ತದೆ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ವೃದ್ಧೆಗೂ ತಾನು ಕೇಳಬಹುದೆಂದು ಆಗ ಧೈರ್ಯ ಬರುತ್ತದೆ. ತಾಂಡಾದವರು ಹೆಚ್ಚು ಬಂದಿದ್ದಲ್ಲಿ, ಲಂಬಾಣಿ ಮಾತು ಬಲ್ಲ ಸದಸ್ಯರೊಬ್ಬರಿಂದ ಇದೇ ಮೂರು ವಾಕ್ಯಗಳನ್ನು ಅವರ ಮಾತಿನಲ್ಲಿ ಹೇಳಿಸುವುದು ಯುಕ್ತ.

ಕೋರಂ

ಸ್ವಾಗತದ ನಂತರ, ಯಾವ ವಿಷಯವನ್ನೂ ಎತ್ತಿಕೊಳ್ಳುವ ಮೊದಲು, ಅಧ್ಯಕ್ಷರು ಕೋರಂ ಘೋಷಿಸಬೇಕು. ಸಭೆ ನಡೆಸಲು ಇರಲೇಬೇಕಾದ ಕನಿಷ್ಠ ಹಾಜರಾತಿಯೇ ಕೋರಂ. ಗ್ರಾಮಸಭೆಗೆ ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹಾಜರಾತಿ ಬೇಕು. ಸಾವಿರಕ್ಕಿಂತ ಹೆಚ್ಚು ಮತದಾರರಿರುವ ಪಂಚಾಯಿತಿಯಲ್ಲಿ ಹತ್ತನೆಯ ಒಂದು ಭಾಗವು ಯಾವಾಗಲೂ ನೂರಕ್ಕಿಂತ ಹೆಚ್ಚಾಗುವುದರಿಂದ, ನಮ್ಮ ಸೀಮೆಯ ಪಂಚಾಯಿತಿಗಳಿಗೆ ವಾಸ್ತವದಲ್ಲಿ ನೂರು ಎಂಬುದೇ ಲೆಕ್ಕ.

ಆದರೆ ನಿಯಮ ನೂರಕ್ಕೇ ನಿಲ್ಲುವುದಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಪ್ರತಿಯೊಂದು ವಾರ್ಡಿನಿಂದ ಕನಿಷ್ಠ 10 ಜನ ಇರಬೇಕು. ಹಾಜರಾದವರಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ತಮ್ಮ ಜನಸಂಖ್ಯೆಯ ಪ್ರಮಾಣದಲ್ಲಿ ಇರಬೇಕು. ಈ ಮೂರನ್ನೂ ಬೇರೆ ಬೇರೆ ಗುಂಪುಗಳೆಂದು ಭಾವಿಸಬೇಕಾಗಿಲ್ಲ. ತಾಂಡಾದ ಒಬ್ಬ ಹೆಣ್ಣುಮಗಳು ವಾರ್ಡಿನ ಲೆಕ್ಕಕ್ಕೂ ಮಹಿಳೆಯರ ಲೆಕ್ಕಕ್ಕೂ ಪರಿಶಿಷ್ಟ ಜಾತಿಯ ಲೆಕ್ಕಕ್ಕೂ ಸೇರುತ್ತಾಳೆ. ತಾಂಡಾದವರು ಬರದಿದ್ದರೆ ಮೂರೂ ಲೆಕ್ಕಗಳು ಒಟ್ಟಿಗೆ ಕುಸಿಯುವುದೂ ಇದೇ ಕಾರಣಕ್ಕೆ.

ಒಂದು ಉದಾಹರಣೆಯನ್ನು ತೆಗೆದುಕೊಂಡು ನೋಡಬಹುದು. ಒಂದು ಪಂಚಾಯಿತಿಯಲ್ಲಿ 14 ಸದಸ್ಯರು, 6 ವಾರ್ಡುಗಳು, 4,200 ಮತದಾರರು ಇದ್ದಾರೆಂದು ಇಟ್ಟುಕೊಳ್ಳೋಣ. ಹತ್ತನೆಯ ಒಂದು ಭಾಗ 420; ಅದಕ್ಕಿಂತ ನೂರು ಕಡಿಮೆ; ಆದ್ದರಿಂದ ನೂರು ಜನ ಸಾಕು. ಆರನೆಯ ವಾರ್ಡು ಮೂರು ಕಿಲೋಮೀಟರ್ ದೂರದ ತಾಂಡಾ. ಸಭೆ ಬೆಳಿಗ್ಗೆ 11 ಗಂಟೆಗೆ. ಶಾಮಿಯಾನದ ಕೆಳಗೆ ಕಣ್ಣಂದಾಜಿಗೆ ನೂರ ಮೂವತ್ತು ಜನ ಕಾಣುತ್ತಾರೆ. ಅಂದಾಜಿನಿಂದ ಕೋರಂ ಆಯಿತೆಂದು ಹೇಳುವ ಹಾಗಿಲ್ಲ, ಎಣಿಸಬೇಕು.

ಎಣಿಸುವಾಗ ಮೊದಲ ಪ್ರಶ್ನೆ, ಯಾರನ್ನು ಎಣಿಸಬೇಕು ಎಂಬುದು. ಆ ಪಂಚಾಯಿತಿಯ ಮತದಾರರನ್ನು ಮಾತ್ರ. ನೋಡಲ್ ಅಧಿಕಾರಿ, ಬೇರೆ ಊರಿನಿಂದ ಬಂದ ಶಿಕ್ಷಕರು, ಇಲಾಖೆಯ ಸಿಬ್ಬಂದಿ, ಪತ್ರಕರ್ತರು, ಹದಿನೆಂಟು ತುಂಬದ ಮಕ್ಕಳು ಈ ಲೆಕ್ಕಕ್ಕೆ ಸೇರರು. ಅದೇ ಊರಿನ ಮತದಾರರಾದ ಅಂಗನವಾಡಿ ಕಾರ್ಯಕರ್ತೆ, ನೀರುಗಂಟಿ ಹಾಗೂ ಚುನಾಯಿತ ಸದಸ್ಯರು ಸೇರುತ್ತಾರೆ. ಹೀಗೆ ನೂರ ಮೂವತ್ತರಲ್ಲಿ 18 ಜನರನ್ನು ಬಿಟ್ಟರೆ 112 ಉಳಿಯುತ್ತದೆ. ನೂರು ದಾಟಿತು.

ಈಗ ವಾರ್ಡುವಾರು ನೋಡಬೇಕು. ಹಾಜರಾತಿ ವಹಿಯನ್ನು ಒಂದೇ ಪಟ್ಟಿಯಾಗಿ ಬರೆಯದೆ, ವಾರ್ಡಿಗೊಂದು ಹಾಳೆಯಂತೆ ಆರು ಹಾಳೆಗಳಲ್ಲಿ ಸಹಿ ಮಾಡಿಸಿದ್ದರೆ ಈ ಕೆಲಸ ಎರಡು ನಿಮಿಷದ್ದು. ಮೊದಲ ವಾರ್ಡಿನಿಂದ 52, ಎರಡರಿಂದ 21, ಮೂರರಿಂದ 17, ನಾಲ್ಕರಿಂದ 14, ಐದರಿಂದ 8, ಆರರಿಂದ ಯಾರೂ ಇಲ್ಲ. ಸಭೆ ನಡೆಯುವ ಊರು ಮೊದಲ ವಾರ್ಡಿನದೆಂದು ಹೇಳಬೇಕಾಗಿಯೇ ಇಲ್ಲ. ಮಹಿಳೆಯರು 31. ನೂರ ಹನ್ನೆರಡರಲ್ಲಿ ಶೇಕಡ 30 ಎಂದರೆ 34 ಆಗಬೇಕು, ಮೂವರು ಕಡಿಮೆ.

ಇಂಥ ಸಂದರ್ಭದಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು, ನೂರು ಆಯಿತಲ್ಲ ಎಂದು ಉಳಿದುದನ್ನು ಹೇಳದೆಯೇ ಮುಂದುವರಿಯುವುದು. ಇನ್ನೊಂದು, ಸಂಜೆ ಸಿಬ್ಬಂದಿಯನ್ನು ತಾಂಡಾಕ್ಕೆ ಕಳಿಸಿ ಹತ್ತು ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು. ಎರಡನೆಯದು ಹಾಜರಾತಿಯಲ್ಲ, ಸುಳ್ಳು ದಾಖಲೆ. ಅದನ್ನು ಪತ್ತೆ ಹಚ್ಚುವುದೂ ಕಷ್ಟವಲ್ಲ. ಹತ್ತು ಸಹಿಗಳು ಒಂದೇ ಪೆನ್ನಿನ ಒಂದೇ ಮಸಿಯಲ್ಲಿ ಹಾಳೆಯ ಕೊನೆಗೆ ಒತ್ತೊತ್ತಾಗಿ ಬಂದಿರುತ್ತವೆ. ಗುಳೆ ಹೋದವನ ಸಹಿ ಆ ದಿನಾಂಕದಲ್ಲಿ ಇರುತ್ತದೆ. ಸಭೆಯ ಛಾಯಾಚಿತ್ರದಲ್ಲಿ ಕಾಣುವ ಜನರಿಗೂ ವಹಿಯ ಸಂಖ್ಯೆಗೂ ತಾಳೆಯಾಗುವುದಿಲ್ಲ. ತೀರಿಹೋದವರ ಹೆಸರಿನ ಎದುರು ಗುರುತು ಬಿದ್ದರಂತೂ ಇಡೀ ವಹಿಯೇ ನಂಬಿಕೆ ಕಳೆದುಕೊಳ್ಳುತ್ತದೆ.

ಸರಿಯಾದ ದಾರಿ ಇದ್ದುದನ್ನು ಇದ್ದಂತೆ ಹೇಳುವುದು. ಅಧ್ಯಕ್ಷರ ಘೋಷಣೆ ಹೀಗಿರಬಹುದು:

“ಈಗ 11 ಗಂಟೆ 25 ನಿಮಿಷ. ಹಾಜರಿರುವ ಸದಸ್ಯರು 112. ಕೋರಂಗೆ ಬೇಕಾದ ನೂರು ಆಗಿದೆ. ಐದನೆಯ ವಾರ್ಡಿನಿಂದ ಎಂಟು ಜನ ಮಾತ್ರ ಬಂದಿದ್ದಾರೆ. ಆರನೆಯ ವಾರ್ಡಿನಿಂದ ಯಾರೂ ಬಂದಿಲ್ಲ. ಮಹಿಳೆಯರು 31, ಇನ್ನೂ ಮೂವರು ಬೇಕು. ತಾಂಡಾಕ್ಕೆ ಈಗಲೇ ಹೇಳಿ ಕಳಿಸಲಾಗಿದೆ. ಹಿಂದಿನ ನಡವಳಿ ಮತ್ತು ಜಮಾ ಖರ್ಚಿನ ವಿಷಯಗಳನ್ನು ಮೊದಲು ಎತ್ತಿಕೊಂಡು, ಫಲಾನುಭವಿಗಳ ಆಯ್ಕೆಯನ್ನು ಮಧ್ಯಾಹ್ನ 1 ಗಂಟೆಗೆ ಮತ್ತೊಮ್ಮೆ ಎಣಿಸಿದ ನಂತರ ಎತ್ತಿಕೊಳ್ಳಲಾಗುವುದು.”

ಈ ಘೋಷಣೆಯಿಂದ ಸಭೆ ನಿಲ್ಲಲಿಲ್ಲ, ಸುಳ್ಳೂ ಬರಲಿಲ್ಲ, ತಾಂಡಾದವರ ಪಾಲೂ ತಪ್ಪಲಿಲ್ಲ. ವಾರ್ಡುವಾರು ಮತ್ತು ಮಹಿಳೆಯರ ಹಾಜರಾತಿಯ ಮಾತಿಗೆ “ಸಾಧ್ಯವಾದಷ್ಟು ಮಟ್ಟಿಗೆ” ಎಂಬ ಮಿತಿ ಇರುವುದರಿಂದ ಕೊರತೆಯಿದ್ದ ಮಾತ್ರಕ್ಕೆ ಸಭೆ ಅಸಿಂಧುವಾಗಲಾರದು. ಆದರೆ ಆ ಮಿತಿಯ ಅರ್ಥ ಪ್ರಯತ್ನ ಮಾಡಬೇಕು ಎಂದೇ ಹೊರತು ಬಿಟ್ಟುಬಿಡಬಹುದು ಎಂದಲ್ಲ. ಪ್ರಯತ್ನ ಮಾಡಿದ್ದಕ್ಕೆ ನಡವಳಿಯಲ್ಲಿನ ಆ ನಾಲ್ಕು ಸಾಲುಗಳೇ ಸಾಕ್ಷಿ.

ಒಂದು ವೇಳೆ ನೂರೂ ಆಗದಿದ್ದರೆ? ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಅರ್ಧ ಗಂಟೆ ಕಾದು, ಆಗಲೂ ಕೋರಂ ಆಗದಿದ್ದರೆ ಮುಂದೂಡಬೇಕೆಂಬ ನಿಯಮ ಸದಸ್ಯರಿಗೆ ತಿಳಿದದ್ದೇ. ಗ್ರಾಮಸಭೆಯಲ್ಲಿಯೂ ಅದೇ ಕ್ರಮವನ್ನು ಅನುಸರಿಸುವುದು ಒಳ್ಳೆಯ ರೂಢಿ. ಅರ್ಧ ಗಂಟೆ ಕಾಯಬೇಕು, ಎಣಿಸಬೇಕು, ಸಾಲದಿದ್ದರೆ ಮುಂದಿನ ದಿನಾಂಕ, ಸ್ಥಳ ಮತ್ತು ವೇಳೆಯನ್ನು ಅಲ್ಲಿಯೇ ಘೋಷಿಸಿ, ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಿ, ಡಂಗುರ ಹೊಡೆಸಬೇಕು. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ ಎಂಬ ನಂಬಿಕೆ ಕೆಲವರಲ್ಲಿದೆ. ಅದು ಕಂಪನಿಗಳ ಕಾಯ್ದೆಯಿಂದ ಬಂದ ಮಾತು. 2013ರ ಆ ಕಾಯ್ದೆಯಂತೆ ಕೋರಂ ಇಲ್ಲದೆ ಮುಂದೂಡಿದ ಕಂಪನಿಯ ಸಭೆಯಲ್ಲಿ ಎರಡನೆಯ ಬಾರಿ ಅರ್ಧ ಗಂಟೆಯೊಳಗೆ ಬಂದಷ್ಟು ಜನವೇ ಕೋರಂ ಆಗುತ್ತಾರೆ. ಊರಿನ ಸಭೆಗೆ ಆ ನಿಯಮವನ್ನು ತಂದು ಹಚ್ಚಬಾರದು. ಮುಂದೂಡಿದ ಸಭೆಯಲ್ಲಿಯೂ ಎಣಿಸಿ, ನೂರು ಆದ ಮೇಲೆಯೇ ನಿರ್ಣಯಕ್ಕೆ ಹೋಗುವುದು ಸುರಕ್ಷಿತ.

ಎಣಿಕೆಯನ್ನು ಕಾಪಾಡುವುದಕ್ಕೆ ವಹಿಯಲ್ಲಿಯೂ ಒಂದು ಶಿಸ್ತು ಬೇಕು. ಸಹಿಗಳ ನಡುವೆ ಖಾಲಿ ಸಾಲು ಬಿಡಬಾರದು. ಪ್ರತಿ ಹಾಳೆಯ ಕೊನೆಯ ಸಹಿಯ ಕೆಳಗೆ ಗೆರೆ ಎಳೆದು, ಸಂಖ್ಯೆಯನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ವೇಳೆ ನಮೂದಿಸಿ, ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹಾಗೂ ನೋಡಲ್ ಅಧಿಕಾರಿ ಅಲ್ಲಿಯೇ ಸಹಿ ಹಾಕಬೇಕು. ತಡವಾಗಿ ಬಂದವರಿಗೆ ಗೆರೆಯ ಕೆಳಗೆ, ಬಂದ ವೇಳೆಯೊಡನೆ ಸಹಿ. ಬರಿಯ ಹಾಳೆಯ ಮೇಲೆ ಸಹಿ ಪಡೆದು ಮೇಲ್ಗಡೆ ನಂತರ ಬರೆಯುವ ಪದ್ಧತಿ ಎಲ್ಲಿಯೂ ಇರಕೂಡದು. ಸಹಿ ಮಾಡುವವನು ಯಾವ ಸಭೆಗೆ, ಯಾವ ದಿನ ಎಂಬುದನ್ನು ಹಾಳೆಯ ತಲೆಯಲ್ಲಿ ಓದಿಯೇ ಸಹಿ ಮಾಡುವಂತಿರಬೇಕು.

ಕಾರ್ಯಸೂಚಿ

ಕೋರಂ ಘೋಷಣೆಯ ನಂತರ ಅಧ್ಯಕ್ಷರು ಕಾರ್ಯಸೂಚಿಯನ್ನು ಪೂರ್ತಿ ಓದಿ ಹೇಳಬೇಕು. ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಹಿಂದಿನ ಗ್ರಾಮಸಭೆಯ ನಡವಳಿ ಮತ್ತು ಅದರ ಅನುಪಾಲನಾ ವರದಿ, ವರ್ಷದ ಜಮಾ ಖರ್ಚು ಹಾಗೂ ಲೆಕ್ಕ ಪರಿಶೋಧನೆಯ ಆಕ್ಷೇಪಣೆಗಳು, ವಾರ್ಡ್ ಸಭೆಗಳಿಂದ ಬಂದ ಬೇಡಿಕೆಗಳು, ಮುಂದಿನ ವರ್ಷದ ಕ್ರಿಯಾ ಯೋಜನೆ, ಫಲಾನುಭವಿಗಳ ಆಯ್ಕೆ, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು.

ಈ ಪಟ್ಟಿಯಲ್ಲಿ ಜನರನ್ನು ಸಭೆಗೆ ಕರೆತರುವ ವಿಷಯ ಒಂದೇ, ಫಲಾನುಭವಿಗಳ ಆಯ್ಕೆ. ಅದನ್ನು ಎಲ್ಲಿ ಇಡಬೇಕೆಂಬುದೇ ಕಾರ್ಯಸೂಚಿಯ ಹೃದಯ. ಮೊದಲಿಗೆ ಇಟ್ಟರೆ, ಹೆಸರು ಬಂದವರೂ ಬಾರದವರೂ ಎದ್ದು ಹೋಗುತ್ತಾರೆ. ಜಮಾ ಖರ್ಚನ್ನು ಖಾಲಿ ಜಮಖಾನೆಗೆ ಓದಬೇಕಾಗುತ್ತದೆ. ಕೊನೆಗೆ ಇಟ್ಟರೆ, ಹೊತ್ತು ಇಳಿಯುವ ವೇಳೆಗೆ ದೂರದ ವಾರ್ಡಿನವರು ಹೊರಟಿರುತ್ತಾರೆ. ಸಭೆ ನಡೆಯುವ ಊರಿನವರೇ ಉಳಿದು ಪಟ್ಟಿಯನ್ನು ತಮ್ಮೊಳಗೇ ಮುಗಿಸಿಕೊಳ್ಳುತ್ತಾರೆ. ಮೇಲಿನ ಉದಾಹರಣೆಯ ಪಂಚಾಯಿತಿಯಲ್ಲಿ ಮಾಡಿದಂತೆ, ಆ ವಿಷಯಕ್ಕೆ ಗೊತ್ತಾದ ವೇಳೆ ನಿಗದಿಪಡಿಸಿ ಆರಂಭದಲ್ಲಿಯೇ ಸಾರಿದರೆ ಎರಡೂ ತೊಂದರೆಗಳು ತಪ್ಪುತ್ತವೆ. ಹನ್ನೊಂದೂವರೆಗೆ ಅನುಪಾಲನಾ ವರದಿ, ಹನ್ನೆರಡಕ್ಕೆ ಜಮಾ ಖರ್ಚು, ಹನ್ನೆರಡೂವರೆಗೆ ವಾರ್ಡುಗಳ ಬೇಡಿಕೆ, ಒಂದಕ್ಕೆ ಮರು ಎಣಿಕೆ ಮತ್ತು ಫಲಾನುಭವಿಗಳ ಆಯ್ಕೆ, ಎರಡಕ್ಕೆ ಕ್ರಿಯಾ ಯೋಜನೆ. ತಾಂಡಾಕ್ಕೆ ಹೇಳಿ ಕಳಿಸಿದವರಿಗೂ ಒಂದು ಗಂಟೆಯೊಳಗೆ ಬಂದರೆ ಸಾಕೆಂದು ಹೇಳಲು ಬರುತ್ತದೆ.

ಅದೇ ಉದಾಹರಣೆಯಲ್ಲಿ ಒಂದು ಗಂಟೆಯ ಮರು ಎಣಿಕೆಯಲ್ಲಿ ತಾಂಡಾದಿಂದ 13 ಜನ ಟ್ರ್ಯಾಕ್ಟರಿನಲ್ಲಿ ಬಂದರು, ಅವರಲ್ಲಿ 9 ಮಹಿಳೆಯರು. ಮೊದಲ ವಾರ್ಡಿನಿಂದ 10 ಗಂಡಸರು ಅಷ್ಟರಲ್ಲಿ ಎದ್ದು ಹೋದರು ಎಂದುಕೊಳ್ಳೋಣ. ಈಗ ಹಾಜರಾತಿ 115, ಮಹಿಳೆಯರು 40; ಶೇಕಡ ಮೂವತ್ತಕ್ಕೆ ಬೇಕಾದ 35ನ್ನು ಮೀರಿತು. ಐದನೆಯ ವಾರ್ಡಿನ ಎರಡು ಜನರ ಕೊರತೆ ಮಾತ್ರ ಉಳಿಯಿತು. ಅದೂ ನಡವಳಿಯಲ್ಲಿ ದಾಖಲಾಯಿತು. ಮನೆಯ ಪಟ್ಟಿ ಈ ಹಾಜರಾತಿಯ ಮುಂದೆ ಓದಲ್ಪಟ್ಟರೆ ಅದನ್ನು ಮುಂದೆ ಅಲ್ಲಾಡಿಸುವುದು ಸುಲಭವಲ್ಲ.

ಅನುಪಾಲನಾ ವರದಿಯ ಬಗ್ಗೆ ಒಂದು ಮಾತು. ಹಿಂದಿನ ನಡವಳಿಯನ್ನು “ಓದಿ ದೃಢೀಕರಿಸಲಾಯಿತು” ಎಂಬ ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿಯಾಗಿದೆ. ಹರಪನಹಳ್ಳಿ ತಾಲ್ಲೂಕಿನ ಸದಸ್ಯರಿಗಂತೂ ಅದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲಾ ಕಚೇರಿ ದಾವಣಗೆರೆ, ಬಳ್ಳಾರಿ, ಹೊಸಪೇಟೆ ಎಂದು ಬದಲಾದಂತೆ ಮನವಿಗಳನ್ನು ಕಳಿಸುವ ವಿಳಾಸವೂ ಬದಲಾಯಿತು. ಇಷ್ಟೆಲ್ಲದರ ನಡುವೆ ಊರಿನಲ್ಲಿಯೇ ಉಳಿದಿರುವ ದಾಖಲೆ ಪಂಚಾಯಿತಿಯ ನಡವಳಿ ಪುಸ್ತಕ. ಯಾವ ಕೆರೆಯ ಹೂಳೆತ್ತಲು ಯಾವ ವರ್ಷ ನಿರ್ಣಯವಾಯಿತು, ಯಾವ ಕೇರಿಯ ಚರಂಡಿ ಎಷ್ಟು ಬಾರಿ ಕಾರ್ಯಸೂಚಿಗೆ ಬಂದು ಉಳಿಯಿತು ಎಂಬುದಕ್ಕೆ ಅದೇ ಆಧಾರ. ಆದ್ದರಿಂದ ಹಿಂದಿನ ಪ್ರತಿಯೊಂದು ನಿರ್ಣಯದ ಎದುರು ಆಗಿದೆ, ಆಗಿಲ್ಲ, ಯಾವ ಕಚೇರಿಯಲ್ಲಿದೆ ಎಂಬ ಮೂರರಲ್ಲಿ ಒಂದು ಉತ್ತರವನ್ನು ಓದಿ ಹೇಳಬೇಕು.

ಜಮಾ ಖರ್ಚನ್ನು ಓದುವ ರೀತಿಯೂ ಗಮನಿಸತಕ್ಕದ್ದು. ಶೀರ್ಷಿಕೆಗಳನ್ನೂ ಮೊತ್ತಗಳನ್ನೂ ಒಂದೇ ಉಸಿರಿನಲ್ಲಿ ಓದಿದರೆ ಯಾರಿಗೂ ಅರ್ಥವಾಗದು. ವಾರ್ಡುವಾರು ಓದಿದರೆ ಪ್ರತಿಯೊಬ್ಬರೂ ತಮ್ಮ ಬೀದಿಯ ಲೆಕ್ಕಕ್ಕೆ ಕಿವಿಗೊಡುತ್ತಾರೆ. ಬೋರ್‌ವೆಲ್ ಮೋಟಾರಿನ ದುರಸ್ತಿಗೆ ಇಷ್ಟು ಖರ್ಚಾಯಿತೆಂದು ಕೇಳಿದಾಗ, ಆ ಮೋಟಾರು ತಿಂಗಳಿಂದ ಕೆಟ್ಟು ನಿಂತಿದೆಯೆಂದು ಹೇಳಬಲ್ಲವರು ಅದರ ನೀರು ಹಿಡಿಯುವವರು ಮಾತ್ರ. ಅಂಥ ಮಾತು ಬಂದಾಗ ಅಧ್ಯಕ್ಷರು ಅದನ್ನು ಅಡ್ಡಿಯೆಂದು ಭಾವಿಸದೆ ನಡವಳಿಯಲ್ಲಿ ಬರೆಸಬೇಕು. ಉತ್ತರ ಅಲ್ಲಿಯೇ ಇಲ್ಲದಿದ್ದರೆ, ಯಾರು ಯಾವ ದಿನದೊಳಗೆ ಉತ್ತರಿಸಬೇಕೆಂಬುದನ್ನೂ ಬರೆಸಬೇಕು.

ಕಾರ್ಯಸೂಚಿಯನ್ನು ಓದಿದ ಬಳಿಕ ಅಧ್ಯಕ್ಷರು ಹೇಳಬೇಕಾದ ಕೊನೆಯ ಮಾತು ಒಂದಿದೆ. ಪಟ್ಟಿಯಲ್ಲಿ ತಮ್ಮ ಅಥವಾ ತಮ್ಮ ಹತ್ತಿರದ ಬಂಧುಗಳ ಹೆಸರಿರುವ ಚುನಾಯಿತ ಸದಸ್ಯರು ಅದನ್ನು ಮೊದಲೇ ತಿಳಿಸಿ, ಆ ಹೆಸರಿನ ಚರ್ಚೆಯಲ್ಲಿ ಭಾಗವಹಿಸದಿರುವುದು. ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಸ್ವಂತ ಹಣಕಾಸಿನ ಹಿತವಿರುವ ವಿಷಯದ ಮೇಲೆ ಸದಸ್ಯರು ಮತ ಹಾಕುವಂತಿಲ್ಲ. ಅದೇ ಮರ್ಯಾದೆಯನ್ನು ಗ್ರಾಮಸಭೆಯಲ್ಲಿ ತಾವಾಗಿಯೇ ಪಾಲಿಸಿದರೆ, ಅರ್ಹ ಬಂಧುವಿಗೆ ಸಿಗುವ ಮನೆಗೂ ಅನುಮಾನದ ನೆರಳು ಬೀಳುವುದಿಲ್ಲ. ಅಧ್ಯಕ್ಷರದೇ ಬಂಧುವಿನ ಹೆಸರಿದ್ದರೆ, ಆ ಹೆಸರು ಮುಗಿಯುವವರೆಗೆ ಉಪಾಧ್ಯಕ್ಷರಿಗೆ ಪೀಠವನ್ನು ಬಿಟ್ಟುಕೊಡುವುದು ಶೋಭೆ.

ಈ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದು. ಮೇಲ್ಭಾಗದಲ್ಲಿ ಸ್ವಾಗತದ ನಾಲ್ಕು ಸಾಲು. ನಡುವೆ ವೇಳೆ, ಒಟ್ಟು ಹಾಜರಾತಿ, ವಾರ್ಡುವಾರು ಸಂಖ್ಯೆ, ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂಬ ಖಾಲಿ ಅಂಕಣಗಳು. ಕೆಳಗೆ ವೇಳೆಯೊಡನೆ ಕಾರ್ಯಸೂಚಿ. ಅಂಕಣಗಳನ್ನು ಸಭೆಯಲ್ಲಿಯೇ ತುಂಬಿ, ಧ್ವನಿವರ್ಧಕದಲ್ಲಿ ಓದಿ, ಅದೇ ಹಾಳೆಯನ್ನು ನಡವಳಿ ಪುಸ್ತಕಕ್ಕೆ ಲಗತ್ತಿಸಬೇಕು. ಸಭೆಯಲ್ಲಿ ಓದಿದ ಸಂಖ್ಯೆಯೂ ಪುಸ್ತಕದಲ್ಲಿರುವ ಸಂಖ್ಯೆಯೂ ಒಂದೇ ಆಗಿದ್ದರೆ, ಆ ಸಭೆಯ ನಿರ್ಣಯವನ್ನು ಊರೇ ಕೇಳಿಸಿಕೊಂಡಿದೆ ಎಂದಾಯಿತು.

ಸಭೆ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ತಾಂಡಾದ ಟ್ರ್ಯಾಕ್ಟರು ಮರಳುತ್ತದೆ. ಅದರಲ್ಲಿ ಕುಳಿತವರ ಹೆಸರು ಪಟ್ಟಿಗೆ ಬಂದಿರಬಹುದು, ಬಾರದೆಯೂ ಇರಬಹುದು. ಪಟ್ಟಿ ಓದುವಾಗ ತಾವು ಅಲ್ಲಿದ್ದೆವು, ತಮ್ಮನ್ನೂ ಎಣಿಸಿದರು ಎಂಬುದು ಮಾತ್ರ ಅವರಿಗೆ ಗೊತ್ತಿರುತ್ತದೆ. ಅಧ್ಯಕ್ಷರ ಮೊದಲ ಹದಿನೈದು ನಿಮಿಷಗಳ ಮಾತಿನಿಂದ ಆಗಬೇಕಾದ ಕೆಲಸ ಇಷ್ಟೇ.